ಪರವಾಗಿಲ್ಲ, ಮೂರು ನಕ್ಷತ್ರ

ಹೇಗಿದ್ದೀರಿ ಎಂದು ಯಾರೇ ಕೇಳಲಿ, ಕೀಲಿಯಕ್ಕನ ಉತ್ತರ ಒಂದೇ: ಪರವಾಗಿಲ್ಲ. ಹಾಲಿನವನಿಗೂ ಅದೇ, ಪಕ್ಕದ ಮನೆಯಾಕೆಗೂ ಅದೇ, ಫೋನಿನಲ್ಲಿ ತಂಗಿಗೂ ಅದೇ. ಆ ಮಾತಿನ ಗುಣವೇ ಅಂಥದ್ದು. ಕೇಳಿದವರಿಗೆ ಉತ್ತರ ಕೊಟ್ಟ ಹಾಗೂ ಆಗುತ್ತದೆ, ಏನೂ ಹೇಳದ ಹಾಗೂ ಆಗುತ್ತದೆ. ಇನ್ನೊಂದು ಪ್ರಶ್ನೆ ಬರುವುದಿಲ್ಲ. ಕೇಳಿದವರು ತಮ್ಮ ಪಾಲಿನ ಕರ್ತವ್ಯ ಮುಗಿಯಿತೆಂದು ನಿಟ್ಟುಸಿರು ಬಿಟ್ಟು ತಮ್ಮ ದಾರಿ ಹಿಡಿಯುತ್ತಾರೆ.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಊರಿನ ಅರ್ಧ ಕಟ್ಟಡಗಳ ಲಿಫ್ಟಿನ ಕಾಯಿಲೆ ಅವನಿಗೆ ಗೊತ್ತಿತ್ತು, ತನ್ನ ಎದೆಯ ಕಾಯಿಲೆ ಗೊತ್ತಿರಲಿಲ್ಲ. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಒಂದು ಬೆಳಿಗ್ಗೆ ಹೋಗಿಬಿಟ್ಟ. ಅಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾಗದಪತ್ರಕ್ಕಾಗಿ ಕಾಯುತ್ತ ಕುಳಿತಿದ್ದಾಗ ಅವಳ ಫೋನ್ ಟಿಂಗ್ ಎಂದಿತ್ತು. ತೆರೆದು ನೋಡಿದರೆ ಆಸ್ಪತ್ರೆಯದೇ ಮೆಸೇಜು. ನಮ್ಮಲ್ಲಿ ನಿಮ್ಮ ಅನುಭವ ಹೇಗಿತ್ತು, ಈ ಕೊಂಡಿ ಒತ್ತಿ ನಕ್ಷತ್ರ ಕೊಡಿ ಎಂದು. ಯಾರೂ ಬೇಕೆಂದು ಕಳಿಸಿದ್ದಲ್ಲ. ಯಂತ್ರಕ್ಕೆ ಹೆಸರು ಸಿಕ್ಕಿತು, ಕಳಿಸಿತು. ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ, ಅದನ್ನು ಅಳಿಸಲೂ ಇಲ್ಲ. ತಿಂಗಳುಗಳು ಉರುಳಿದರೂ ಅದು ಅವಳ ಫೋನಿನಲ್ಲೇ ಬಿದ್ದಿದೆ. ಒಳಗೂ ಹಾಗೆಯೇ ಏನೋ ಬಿದ್ದುಕೊಂಡಿದೆ. ನೋವು ಎನ್ನಲು ಅದು ನೋಯುವುದೂ ಇಲ್ಲ.

ಅವಳನ್ನು ದಿನಾ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಕೆಲಸವೊಂದೇ. ಮನೆ ಬಾಡಿಗೆಗೆ ಕೊಡಿಸುವ, ಫ್ಲ್ಯಾಟ್ ಮಾರಿಸುವ ಒಂದು ಚಿಕ್ಕ ಕಚೇರಿ. ಅವಳ ಕುರ್ಚಿಯ ಹಿಂದೆ ಗೋಡೆಯ ತುಂಬ ಮೊಳೆ, ಮೊಳೆಗೊಂದು ಕೀಲಿ. ಯಾವ ಕೀಲಿ ಯಾವ ಬಾಗಿಲಿನದು, ಯಾವ ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಬೇಕು, ಯಾವ ಬೀಗಕ್ಕೆ ಎಣ್ಣೆ ಬೇಕು, ಎಲ್ಲ ಅವಳ ಬೆರಳ ತುದಿಯಲ್ಲಿತ್ತು. ಬಂದವರಿಗೆ ಮನೆ ತೋರಿಸುವುದು, ಒಪ್ಪಿಗೆಯಾದರೆ ಕರಾರು ಮಾಡಿಸಿ ಕೀಲಿ ಕೊಡುವುದು, ಬಿಟ್ಟು ಹೋಗುವಾಗ ಕೀಲಿ ವಾಪಸ್ಸು ಪಡೆಯುವುದು. ಹೀಗಾಗಿ ಕೀಲಿಯಕ್ಕ. ಅವಳ ನಿಜವಾದ ಹೆಸರು ಕಚೇರಿಯಲ್ಲಿ ಯಾರಿಗಾದರೂ ನೆನಪಿದೆಯೋ ಇಲ್ಲವೋ, ಅನುಮಾನ.

ಕಚೇರಿಯ ಧಣಿಯನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಕೆಟ್ಟ ಮನುಷ್ಯನಲ್ಲ, ಆದರೆ ಯಾರು ಕೊನೆಗೆ ಮಾತಾಡಿದರೋ ಅವರ ಮಾತು ಕೇಳುವ ಮನುಷ್ಯ. ಆ ಕೊನೆಯ ಮಾತು ಹೆಚ್ಚಾಗಿ ಅವರ ಅಳಿಯನದಾಗಿರುತ್ತಿತ್ತು. ಅಳಿಯಂದಿರು ಮಾವನ ಕಚೇರಿಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತ ದಿನದಿಂದ ದೊಡ್ಡವರಿಗೆ ತಮ್ಮ ಕಚೇರಿಯೇ ಅರ್ಥವಾಗದಂತಾಗಿತ್ತು, ಅರ್ಥವಾಗದ್ದರ ಮೇಲೆ ಅವರಿಗೆ ಭಾರಿ ಗೌರವ.

ಎದುರು ಸಾಲಿನಲ್ಲಿ ಗಾಜಿನ ಬಾಗಿಲಿನ ಹೊಸ ಕಚೇರಿಯೊಂದು ತೆರೆದಾಗ ಕಥೆ ಶುರುವಾಯಿತು. ಅವರ ಆನ್‌ಲೈನ್ ಪುಟದಲ್ಲಿ ನಕ್ಷತ್ರಗಳೋ ನಕ್ಷತ್ರಗಳು. ಇವರ ಪುಟ ಬೋಳು. ಈಗಿನ ಜನ ಮನೆ ನೋಡುವ ಮೊದಲು ನಕ್ಷತ್ರ ನೋಡುತ್ತಾರೆ ಎಂದು ಅಳಿಯ ಮಾವನ ತಲೆಗೆ ತುಂಬಿದ. ಅದು ಸುಳ್ಳೇನಲ್ಲ. ಆದರೆ ಅವನು ಹಿಡಿದ ದಾರಿ ಎಂಥದ್ದೆಂದರೆ, ಕೀಲಿಯಕ್ಕನ ಮೇಜಿನ ಮೇಲೆ ಒಂದು ಟ್ಯಾಬ್ ತಂದಿಟ್ಟ. ಯಾರೇ ಕೀಲಿ ತೆಗೆದುಕೊಳ್ಳಲು ಬರಲಿ, ಮೊದಲು ಟ್ಯಾಬಿನಲ್ಲಿ ತಮ್ಮ ಖಾತೆ ತೆರೆದು ಐದು ನಕ್ಷತ್ರ ಒತ್ತಬೇಕು, ಆಮೇಲೆ ಕೀಲಿ. ಏನು ಬರೆಯಬೇಕೆಂದು ಗೊತ್ತಾಗದವರಿಗೆ ಅಳಿಯನೇ ನಾಲ್ಕೈದು ವಾಕ್ಯ ಸಿದ್ಧ ಮಾಡಿಟ್ಟಿದ್ದ. ‘ಅತ್ಯುತ್ತಮ ಸೇವೆ, ಎಲ್ಲರಿಗೂ ಶಿಫಾರಸು ಮಾಡುತ್ತೇನೆ’ ಎಂಬಂಥವು. ಬರೆದವರಿಗೆ ಒಂದು ಗೋಡೆ ಗಡಿಯಾರ ಉಡುಗೊರೆ. ಗಡಿಯಾರದ ಮುಖದ ಮೇಲೆ ಕಚೇರಿಯ ಹೆಸರು ಮುಳ್ಳಿಗಿಂತ ದೊಡ್ಡದಾಗಿತ್ತು.

ಮೊದಲಿನ ಕೀಲಿಯಕ್ಕನಾಗಿದ್ದರೆ ಮುಖ ಸಿಂಡರಿಸಿ ಏನಾದರೂ ಅನ್ನುತ್ತಿದ್ದಳು. ಈಗಿನವಳು ಆಗಲಿ ಎಂದಳು. ಬಲಗೈಯಲ್ಲಿ ಕೀಲಿ ಹಿಡಿದುಕೊಂಡು ಎಡಗೈಯಲ್ಲಿ ಟ್ಯಾಬ್ ಮುಂದೆ ಸರಿಸುತ್ತಿದ್ದಳು. ಬಂದವರ ಸಾಮಾನು ಹೊರಗೆ ಗಾಡಿಯಲ್ಲಿರುತ್ತಿತ್ತು, ಮಕ್ಕಳು ರಚ್ಚೆ ಹಿಡಿದಿರುತ್ತಿದ್ದವು, ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಅವರು ಒಂದು ಸಲ ಕೀಲಿ ನೋಡುತ್ತಿದ್ದರು, ಒಂದು ಸಲ ಅವಳ ಮುಖ ನೋಡುತ್ತಿದ್ದರು, ಐದು ಒತ್ತುತ್ತಿದ್ದರು. ಇನ್ನೂ ಒಂದು ರಾತ್ರಿಯೂ ಮಲಗದ ಮನೆಯ ಬಗ್ಗೆ, ಇನ್ನೂ ನಲ್ಲಿ ತಿರುಗಿಸದ ಮನೆಯ ಬಗ್ಗೆ, ಅತ್ಯುತ್ತಮ ಎಂದು ಬರೆಯುತ್ತಿದ್ದರು. ಅವರಲ್ಲಿ ಕೆಲವರು ನಿಜವಾಗಿ ಸಂತೋಷದಲ್ಲೇ ಇದ್ದರು. ಆದರೆ ಆ ಸಂತೋಷವೂ ಕೈಗೆ ಸಿಗದ ಕೀಲಿಯ ಮುಂದೆ ಸಪ್ಪಗಾಗುತ್ತಿತ್ತು. ಕೀಲಿಯಕ್ಕನಿಗೆ ಅದು ಕಾಣುತ್ತಿತ್ತು. ಕಂಡರೂ ಏನೂ ಅನ್ನಿಸುತ್ತಿರಲಿಲ್ಲ.

ಒಬ್ಬಾಕೆ ಮಾತ್ರ ಟ್ಯಾಬ್ ಮುಟ್ಟಲಿಲ್ಲ. ಬಟ್ಟೆ ಗಿರಣಿಯಲ್ಲಿ ಜೀವಮಾನವೆಲ್ಲ ತಪಾಸಣೆಯ ಮೇಜಿನ ಮುಂದೆ ನಿಂತು, ನೇಯ್ದು ಬಂದ ಬಟ್ಟೆಯಲ್ಲಿ ಎಳೆ ತಪ್ಪಿದ್ದನ್ನು ಹುಡುಕಿ ನಿವೃತ್ತಿಯಾದ ಹೆಂಗಸು. ಕಚೇರಿಯವರು ಬೆನ್ನ ಹಿಂದೆ ತಪಾಸಣೆ ಅಜ್ಜಿ ಎನ್ನುತ್ತಿದ್ದರು. ಕೂಡಿಟ್ಟದ್ದನ್ನೆಲ್ಲ ಸೇರಿಸಿ ಒಂದು ಚಿಕ್ಕ ಫ್ಲ್ಯಾಟ್ ಕೊಂಡಿದ್ದರು. ಕೀಲಿ ತೆಗೆದುಕೊಳ್ಳಲು ಬಂದಾಗ ಟ್ಯಾಬನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ, ನನ್ನ ಹತ್ತಿರ ಫೋನಿದೆ, ಮನೆಯಲ್ಲಿ ಕೂತು ಬರೆಯುತ್ತೇನೆ ಎಂದು ಹೇಳಿ, ಅಂಗೈ ಚಾಚಿದರು. ಚಾಚಿದ ಕೈಯನ್ನು ಹಿಂದೆ ತೆಗೆಯಲೇ ಇಲ್ಲ. ಕೀಲಿಯಕ್ಕ ಕೀಲಿ ಕೊಟ್ಟಳು. ಗಡಿಯಾರವನ್ನು ಅವರು ಮೇಜಿನ ಮೇಲೇ ಬಿಟ್ಟು ಹೋದರು. ಅನುಭವ ಹೇಗಿತ್ತು ಎಂದು ಕೀಲಿಯಕ್ಕ ಅವರ ಫೋನಿಗೆ ಮೆಸೇಜು ಕಳಿಸಿದಳು. ಕೊಟ್ಟ ಮಾತಿನಂತೆ ಅವರು ಎರಡು ವಾರದ ಮೇಲೆ ಬರೆದರು ಕೂಡ. ಮೂರು ನಕ್ಷತ್ರ. ಕೆಳಗೆ ಒಂದೇ ಪದ: ‘ಪರವಾಗಿಲ್ಲ.’

ಐದರ ರಾಶಿಯಲ್ಲಿ ಆ ಮೂರು ಎಲ್ಲೋ ಮುಳುಗಿಹೋಯಿತು. ಅಳಿಯ ಮೂಗು ಮುರಿದು ಸುಮ್ಮನಾದ.

ಒಂದು ಬೆಳಿಗ್ಗೆ ನೋಡಿದರೆ ರಾಶಿಯೇ ಇರಲಿಲ್ಲ. ಎಲ್ಲ ಒಂದೇ ಟ್ಯಾಬಿನಿಂದ, ಒಂದೇ ಕಚೇರಿಯ ವೈಫೈನಿಂದ, ಅದೇ ನಾಲ್ಕೈದು ವಾಕ್ಯಗಳಲ್ಲಿ ಬಂದದ್ದನ್ನು ಆ ಜಾಲತಾಣದವರು ಪತ್ತೆ ಹಚ್ಚಿ ಸಾರಾಸಗಟಾಗಿ ತೆಗೆದುಹಾಕಿದ್ದರು. ಪುಟದ ನೆತ್ತಿಯ ಮೇಲೆ ಒಂದು ಸಾಲು ಬೇರೆ: ಅನುಮಾನಾಸ್ಪದ ರಿವ್ಯೂಗಳನ್ನು ಇಲ್ಲಿಂದ ತೆಗೆಯಲಾಗಿದೆ. ಉಳಿದದ್ದು ಒಂದೇ ಒಂದು, ಅಜ್ಜಿಯದು. ತಮ್ಮ ಮನೆಯಲ್ಲಿ, ತಮ್ಮ ಫೋನಿನಲ್ಲಿ, ತಮ್ಮದೇ ಮಾತಿನಲ್ಲಿ ಬರೆದದ್ದು ಅದೊಂದೇ ತಾನೇ. ಈಗ ಇಡೀ ಕಚೇರಿಯ ಮರ್ಯಾದೆ ಮೂರು ನಕ್ಷತ್ರ, ಒಂದು ಪರವಾಗಿಲ್ಲ.

ದೊಡ್ಡವರು ಕೀಲಿಯಕ್ಕನನ್ನು ಒಳಗೆ ಕರೆದರು. ಅಳಿಯ ಪಕ್ಕದಲ್ಲಿ ನಿಂತಿದ್ದ. ದೊಡ್ಡವರ ಮಾತು ಸುತ್ತಿ ಬಳಸಿ ಬಂತು. ಹೀಗೇ ಆದರೆ ಬಾಡಿಗೆಯ ಕಡೆ ಮುಚ್ಚಿ ಬರೀ ಮಾರಾಟ ಇಟ್ಟುಕೊಳ್ಳುವುದೆಂದು ಅಳಿಯ ಹೇಳುತ್ತಾನೆ. ಮಾರಾಟವನ್ನು ಅವನೇ ನೋಡಿಕೊಳ್ಳುತ್ತಾನೆ. ಅಂದರೆ, ಅವಳ ಕೆಲಸ... ಅಲ್ಲಿಗೆ ನಿಲ್ಲಿಸಿ ಮೇಜಿನ ಮೇಲಿನ ಪೆನ್ನನ್ನು ನೆಟ್ಟಗಿಟ್ಟರು. ಮೊದಲು ಆ ಅಜ್ಜಿಯ ಹತ್ತಿರ ಹೋಗಿ ಮೂರನ್ನು ಐದು ಮಾಡಿಸಿಕೊಂಡು ಬರಬೇಕು, ಆಮೇಲೆ ನೋಡೋಣ ಎಂದರು.

ಕೀಲಿಯಕ್ಕನ ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಆದರೆ ಲೆಕ್ಕ ಅವಳಿಗೆ ಚೆನ್ನಾಗಿಯೇ ಗೊತ್ತಾಯಿತು. ಈ ಗೋಡೆಯ ಕೀಲಿಗಳಿಲ್ಲದಿದ್ದರೆ ಬೆಳಗಿನಿಂದ ಸಂಜೆಯವರೆಗೆ ತೆರೆಯಲು ಅವಳಿಗೆ ಉಳಿಯುವ ಬಾಗಿಲು ಒಂದೇ, ತನ್ನ ಮನೆಯದು. ಒಳಗೆ ಗೋಡೆಗೆ ಆನಿಸಿಟ್ಟ ಗಂಡನ ಟೂಲ್ ಬ್ಯಾಗು. ಅದರ ಎದುರು ದಿನವಿಡೀ ಕುಳಿತರೆ ತಾನು ಏನಾಗುತ್ತೇನೆಂದು ಯೋಚಿಸಲು ಅವಳಿಗೆ ಹೆದರಿಕೆಯಾಯಿತು. ಬಹಳ ದಿನದ ಮೇಲೆ ಅವಳಿಗಾದ ಒಂದು ಅನುಭವವೆಂದರೆ ಈ ಹೆದರಿಕೆ.

ಅಜ್ಜಿಯ ಫ್ಲ್ಯಾಟು ಮೂರನೆಯ ಮಹಡಿಯಲ್ಲಿ. ಬಾಗಿಲು ತೆಗೆದು, ಒಳಗೆ ಕೂರಿಸಿ, ಟೀ ಕೊಟ್ಟರು. ಕಿಟಕಿಯ ಬೆಳಕಿಗೆ ಎದುರಾಗಿ ಒಂದು ಮೇಜು, ಮೇಜಿನ ಮೇಲೆ ಹಾಸಿದ ಒಂದು ಬಿಳಿ ಬಟ್ಟೆ. ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ; ಮಾತಾಡುತ್ತಲೇ ಅಂಗೈಯಿಂದ ಬಟ್ಟೆ ಸವರುತ್ತಿದ್ದರು. ಕೀಲಿಯಕ್ಕ ಬಂದ ಕಾರಣ ಹೇಳಿದಳು. ತನ್ನ ಕೆಲಸದ ವಿಷಯವನ್ನೂ ಮುಚ್ಚಿಡಲಿಲ್ಲ. ಮೂರನ್ನು ಐದು ಮಾಡಲು ಆಗುತ್ತದೆಯೇ ಎಂದು ಕೇಳಿದಳು.

"ಆಗಲ್ಲ ಕಣಮ್ಮ," ಎಂದರು ಅಜ್ಜಿ, ಸಿಟ್ಟಿಲ್ಲದೆ.

ಆಮೇಲೆ ವಿವರಿಸಿದರು. ಗಿರಣಿಯಲ್ಲಿ ಚೆನ್ನಾಗಿದೆ ಎಂದು ಬಟ್ಟೆಯ ಮೇಲೆ ಯಾರೂ ಬರೆಯುತ್ತಿರಲಿಲ್ಲವಂತೆ. ತಪ್ಪು ಸಿಕ್ಕಿದರೆ ಅಲ್ಲಿ ಸೀಮೆಸುಣ್ಣದ ಗೆರೆ. ತುದಿಯಿಂದ ತುದಿಯವರೆಗೆ ನೋಡಿ ಒಂದೂ ಗೆರೆ ಎಳೆಯಬೇಕಾಗದಿದ್ದರೆ ಮೇಲ್ವಿಚಾರಕರಿಗೆ ಹೇಳುತ್ತಿದ್ದ ಮಾತು ಪರವಾಗಿಲ್ಲ. ಅದಕ್ಕಿಂತ ದೊಡ್ಡ ಮಾತು ಅಲ್ಲಿ ಇರಲೇ ಇಲ್ಲ. ಗಂಡ ಬದುಕಿದ್ದಾಗ ಅವನ ಅಡುಗೆಗೂ ತಾನು ಅದನ್ನೇ ಹೇಳುತ್ತಿದ್ದೆ, ಅವನಿಗೆ ಅದು ಗೊತ್ತಿತ್ತು, ಹಿಗ್ಗುತ್ತಿದ್ದ ಎಂದರು.

"ಮತ್ತೆ ಮೂರು ಯಾಕೆ ಕೊಟ್ರಿ?" ಕೀಲಿಯಕ್ಕ ಕೇಳಿದಳು.

"ಐದು ಕೊಡೋಕೆ ನಾನಿನ್ನೂ ಒಂದು ಮಳೆಗಾಲ ಇಲ್ಲಿ ಕಳೆದಿಲ್ಲ. ಗೋಡೆ ಸೋರುತ್ತೋ ಇಲ್ವೋ ಯಾರಿಗೆ ಗೊತ್ತು?" ಅಜ್ಜಿ ಬಟ್ಟೆಯ ಮಡಿಕೆ ಬಿಡಿಸಿದರು. "ಒಂದೇ ಪದ ಬರೆದೆ ಅಂತ ನಿಮಗೆ ಬೇಜಾರು. ನೀನು ಮೆಸೇಜಲ್ಲಿ ಕೇಳಿದ್ದೇನು? ಹೇಗಿತ್ತು ಅಂತ. ಹೇಗಿತ್ತು ಅಂದ್ರೆ ಪರವಾಗಿಲ್ಲ ಅನ್ನದೆ ಇನ್ನೇನನ್ನಲಿ? ಏನಾಯ್ತು ಅಂತ ಕೇಳಿದ್ರೆ ಹೇಳ್ತಿದ್ದೆ."

ಕೀಲಿಯಕ್ಕ ಟೀ ಲೋಟ ಕೆಳಗಿಟ್ಟಳು. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂತು. "ಏನಾಯ್ತು?"

ಅಜ್ಜಿ ಹೇಳಿದರು. ಮನೆ ತೋರಿಸಲು ಬಂದ ದಿನ ಕೀಲಿಯಕ್ಕ ಕೇಳದೆಯೇ ಅಡುಗೆಮನೆಯ ಕಿಟಕಿ ಎಳೆದು ತೋರಿಸಿ, ಇದರ ಚಿಲಕ ಕೂರುವುದಿಲ್ಲ, ಗಾಳಿ ಬಂದರೆ ತೆರೆದುಕೊಳ್ಳುತ್ತದೆ ಎಂದಿದ್ದಳಂತೆ. ಪಡುವಣ ಕೋಣೆ ಬೇಸಗೆಯಲ್ಲಿ ಕಾದ ಹೆಂಚಿನಂತಾಗುತ್ತದೆ, ಮಲಗಲು ಇನ್ನೊಂದೇ ಒಳ್ಳೆಯದು ಎಂದಿದ್ದಳಂತೆ. ಇಷ್ಟಾದ ಮೇಲೂ ಕೊಂಡರು. ವ್ಯವಹಾರವೆಲ್ಲ ಮುಗಿದ ಮೇಲೆ, ಇನ್ನು ಯಾರ ಹಂಗೂ ಇಲ್ಲದ ಹೊತ್ತಿನಲ್ಲಿ, ಒಂದು ಮಧ್ಯಾಹ್ನ ಬಡಗಿಯೊಬ್ಬ ಬಂದು, ಅಕ್ಕ ಕಳಿಸಿದ್ದಾರೆ ಎಂದು ಚಿಲಕ ಸರಿಮಾಡಿ ಹೋದ.

ಕೀಲಿಯಕ್ಕನಿಗೆ ಇದ್ಯಾವುದೂ ನೆನಪಿರಲಿಲ್ಲ. ಆ ತಿಂಗಳುಗಳಲ್ಲಿ ಅವಳ ಬಾಯಿ ಏನು ಆಡಿತು, ಕೈ ಏನು ಮಾಡಿತು, ಅವಳಿಗೆ ಹೇಗೆ ತಿಳಿಯಬೇಕು. ಬೇರೆ ಯಾರದೋ ಸುದ್ದಿ ಕೇಳಿದಂತೆ ಕೇಳಿದಳು. ಎದ್ದು ಹೋಗಿ ಅಡುಗೆಮನೆಯ ಕಿಟಕಿಯ ಚಿಲಕ ಹಾಕಿ ನೋಡಿದಳು. ಕೂತಿತು.

ಇದನ್ನು ಹೀಗೆಯೇ ಬರೆಯಬಹುದೇ ಎಂದು ಕೇಳಿದಳು. ನಕ್ಷತ್ರ ಎಷ್ಟಾದರೂ ಇರಲಿ, ಬಿಸಿಲಿನ ಕೋಣೆಯ ಮಾತೂ ಇರಲಿ, ಬರೆಯುವುದೇ ಬೇಡವೆನಿಸಿದರೆ ಅದೂ ಸರಿ ಎಂದಳು. ಅಜ್ಜಿ ಬರೆಯುತ್ತೇನೆ ಎಂದರು. ಮೂರು ಮಾತ್ರ ಮೂರೇ. ಬಾಗಿಲವರೆಗೆ ಬಂದು, ನೀನು ಹೇಗಿದ್ದೀಯಮ್ಮ ಎಂದು ಕೇಳಿದರು. ಪರವಾಗಿಲ್ಲ ಎಂದಳು ಕೀಲಿಯಕ್ಕ.

ಅಜ್ಜಿ ಅವಳ ಮುಖವನ್ನು ಬೆಳಕಿಗೆ ಹಿಡಿದ ಬಟ್ಟೆಯಂತೆ ನೋಡಿದರು. "ಇದು ನನ್ನ ‘ಪರವಾಗಿಲ್ಲ’ ಅಲ್ಲ," ಎಂದು ಬಾಗಿಲು ಹಾಕಿಕೊಂಡರು.

ಕಚೇರಿಗೆ ಬಂದು, ಐದು ಆಗಲಿಲ್ಲ ಎಂದಳು. ಅಳಿಯ ಮಾವನ ಮುಖ ನೋಡಿದ. ಮಾವ ಪೆನ್ನು ನೋಡಿದರು. ಇನ್ನು ಕಳೆದುಕೊಳ್ಳಲು ಏನಿದೆ ಎಂಬ ಧೈರ್ಯವೋ, ಯಾವುದಾದರೇನು ಎಂಬ ಜಡತೆಯೋ, ಕೀಲಿಯಕ್ಕ ನನಗೆ ಸ್ವಲ್ಪ ಕಾಲ ಕೊಡಿ, ಟ್ಯಾಬನ್ನು ಮೇಜಿನಿಂದ ತೆಗೆಯಿರಿ, ಕೇಳುವುದನ್ನು ನನಗೆ ಬಿಡಿ ಎಂದಳು. ದೊಡ್ಡವರು ತಿಂಗಳ ಕೊನೆಯವರೆಗೆ ಎಂದರು. ಅಂದು ಕೊನೆಗೆ ಮಾತಾಡಿದವಳು ಅವಳಾಗಿದ್ದಳು, ಅಷ್ಟೇ ಪುಣ್ಯ.

ಕೀಲಿ ಮೊದಲು, ಮಾತು ಆಮೇಲೆ. ಅವಳು ಮಾಡಿದ ಮೊದಲ ಬದಲಾವಣೆ ಇದೇ. ಬಂದವರ ಕೈಗೆ ಕೀಲಿ ಕೊಟ್ಟು, ಹೋಗಿ ಬನ್ನಿ ಎನ್ನುತ್ತಿದ್ದಳು. ನಕ್ಷತ್ರದ ಸೊಲ್ಲೇ ಎತ್ತುತ್ತಿರಲಿಲ್ಲ. ಜನ ಸಾಮಾನು ಬಿಚ್ಚಿ, ನಲ್ಲಿ ತಿರುಗಿಸಿ, ಮೇಲಿನ ಮನೆಯವರ ಸದ್ದಿಗೆ ಒಂದೆರಡು ಸಲ ಬೈದು, ಮನೆಗೆ ಒಗ್ಗಿಕೊಂಡ ಮೇಲೆ ಫೋನ್ ಮಾಡುತ್ತಿದ್ದಳು. ಏನಾದರೂ ರಿಪೇರಿ ಇದ್ದರೆ ಅದನ್ನು ಮುಗಿಸಿ, ಮುಗಿಯಿತೆಂದು ಅವರ ಬಾಯಿಂದಲೇ ಕೇಳಿದ ಮೇಲೆ ತನ್ನ ವಿಷಯಕ್ಕೆ ಬರುತ್ತಿದ್ದಳು. ಹೇಳುತ್ತಿದ್ದದ್ದು ಇಷ್ಟೇ:

"ಬಂದ ಮೇಲೆ ಏನಾಯ್ತೋ ಅದನ್ನ ನಿಮ್ಮ ಮಾತಲ್ಲಿ ಬರೀರಿ. ಒಳ್ಳೇದಾಗಿದ್ರೆ ಒಳ್ಳೇದು, ತೊಂದರೆ ಆಗಿದ್ರೆ ತೊಂದರೆ. ಮನೆ ಹುಡುಕ್ತಿರೋ ಇನ್ನೊಬ್ಬರಿಗೆ ಸಹಾಯ ಆಗುತ್ತೆ. ಬರೀದೇ ಇದ್ರೂ ಬೇಜಾರಿಲ್ಲ."

ಆಮೇಲೆ ಪುಟದ ಕೊಂಡಿಯನ್ನು ಅವರ ಫೋನಿಗೆ ಕಳಿಸುತ್ತಿದ್ದಳು. ಬರೆಯುತ್ತೇನೆಂದು ಹೇಳಿ ಮರೆತವರಿಗೆ ಇನ್ನೊಂದು ಸಲ ನೆನಪು ಮಾಡುತ್ತಿದ್ದಳು, ಅಷ್ಟೇ. ಮೂರನೆಯ ಸಲ ಬೆನ್ನು ಹತ್ತುತ್ತಿರಲಿಲ್ಲ. ಗಡಿಯಾರಗಳ ಪೆಟ್ಟಿಗೆ ಉಗ್ರಾಣ ಸೇರಿತು. ಒಳಗೆ ಒಂದೆರಡು ಇನ್ನೂ ಟಿಕ್ ಟಿಕ್ ಎನ್ನುತ್ತಿದ್ದವು.

ಅಳಿಯನಿಗೆ ತಡೆಯಲಾಗಲಿಲ್ಲ. ಎಲ್ಲರನ್ನೂ ಯಾಕೆ ಕೇಳಬೇಕು, ಮೊದಲು ಗುಟ್ಟಾಗಿ ಖುಷಿಯಾಗಿದ್ದೀರಾ ಎಂದು ವಿಚಾರಿಸಿ, ಹೌದು ಎಂದವರಿಗೆ ಮಾತ್ರ ಕೊಂಡಿ ಕಳಿಸಿದರಾಯಿತಲ್ಲ ಎಂದ. ಅದೂ ಒಂದು ಜರಡಿಯೇ, ತಾಣದವರು ಒಪ್ಪುತ್ತಾರೋ ಇಲ್ಲವೋ ನಿಯಮ ಓದಿ ನೋಡಿ ಎಂದಳು ಕೀಲಿಯಕ್ಕ. ಅಳಿಯಂದಿರು ಅಂದು ಮೊದಲ ಸಲ ನಿಯಮ ಓದಿದರು. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವಂತಿಲ್ಲ, ಉಡುಗೊರೆ ಕೊಟ್ಟು ಕೇಳುವಂತಿಲ್ಲ, ಬರೆದುಕೊಟ್ಟು ಹಾಕಿಸುವಂತಿಲ್ಲ, ಎಲ್ಲ ಅಲ್ಲೇ ಇತ್ತು. ಓದಿ ಮುಗಿಸಿ ಬಹಳ ಹೊತ್ತು ತಲೆ ಕೆರೆದುಕೊಂಡ. ಪಾಪ ಎನ್ನಿಸುವಷ್ಟು.

ರಿವ್ಯೂಗಳು ಒಂದೊಂದಾಗಿ ಬಂದವು. ಹೊಳೆ ಹರಿಯಲಿಲ್ಲ, ಹನಿಯಿತು. ಒಬ್ಬ ಬಸ್ ಚಾಲಕ ತನ್ನ ಪಾಳಿ ಮುಗಿಯುವ ಹೊತ್ತಿಗೆ ಸರಿಯಾಗಿ ಮನೆ ತೋರಿಸಿದರು ಎಂದು ಬರೆದ. ಅವಳಿ ಮಕ್ಕಳ ತಾಯಿಯೊಬ್ಬಳು ಮೆಟ್ಟಿಲ ಕಂಬಿ ಅಲ್ಲಾಡುವುದನ್ನು ಮೊದಲೇ ತೋರಿಸಿದರು ಎಂದು ಬರೆದಳು. ಬಾಡಿಗೆಗೆ ಬಂದ ನರ್ತನದ ಮೇಷ್ಟರೊಬ್ಬರು ಎರಡೇ ನಕ್ಷತ್ರ ಕೊಟ್ಟು, ನೀರು ಕಾಯಿಸುವ ಗೀಸರ್ ಕೆಟ್ಟಿದೆ ಎಂದು ಹೇಳಿ ಹೇಳಿ ಸಾಕಾಯಿತು ಎಂದರು. ಅಳಿಯನ ಕಣ್ಣು ಕೆಂಪಾಯಿತು, ಅದನ್ನು ತೆಗೆಸಬೇಕೆಂದ. ಕೀಲಿಯಕ್ಕ ಅದರ ಕೆಳಗೆ ಕಚೇರಿಯ ಹೆಸರಿನಲ್ಲಿ ಉತ್ತರ ಬರೆದಳು: ನೀವು ಹೇಳಿದ್ದು ನಿಜ, ತಡವಾದದ್ದು ನಮ್ಮಿಂದ, ಇವತ್ತು ಹೊಸದು ಹಾಕಿಸಿದ್ದೇವೆ, ಕ್ಷಮಿಸಿ. ಬರೆಯುವ ಮೊದಲು ನಿಜವಾಗಿ ಹಾಕಿಸಿದ್ದಳು. ಮೇಷ್ಟರು ನಕ್ಷತ್ರ ಬದಲಿಸಲಿಲ್ಲ. ಅವಳೂ ಕೇಳಲಿಲ್ಲ.

ಕಚೇರಿಯ ಗೋಡೆಗೆ ಹಾಕಲು ನಾಲ್ಕು ಒಳ್ಳೆಯ ಮಾತು ಬೇಕು ಎಂದರು ದೊಡ್ಡವರು. ಅದಕ್ಕೂ ಅವಳು ಬರೆದವರಿಗೇ ಫೋನ್ ಮಾಡಿ, ನಿಮ್ಮ ಮಾತನ್ನು ಗೋಡೆಗೆ ಹಾಕಬಹುದೇ, ಹೆಸರು ಇರಲೋ ಬೇಡವೋ ಎಂದು ಕೇಳಿದಳು. ಬಸ್ ಚಾಲಕ ಹೆಸರೂ ಹಾಕಿ, ಫೋಟೋನೂ ಹಾಕಿ ಎಂದ. ಅವಳಿ ಮಕ್ಕಳ ತಾಯಿ ಮಾತು ಸಾಕು, ಹೆಸರು ಬೇಡ ಎಂದಳು. ಅಳಿಯ ಒಂದು ವಾಕ್ಯಕ್ಕೆ ‘ಅತ್ಯುತ್ತಮ’ ಎಂದು ಸೇರಿಸಲು ಹೊರಟಾಗ ಕೀಲಿಯಕ್ಕ, ಅದು ಅವರ ಮಾತಲ್ಲ ಎಂದಳು. ಅವನು ಅಳಿಸಿದ.

ತಿಂಗಳ ಕೊನೆಗೆ ಪುಟದಲ್ಲಿ ರಾಶಿಯೇನೂ ಇರಲಿಲ್ಲ. ಎದುರಿನ ಗಾಜಿನ ಬಾಗಿಲಿನವರ ಲೆಕ್ಕದ ಮುಂದೆ ಅದು ಯಾವ ಮೂಲೆಗೂ ಸಾಲದು. ದೊಡ್ಡವರು ಬಾಡಿಗೆ ಕಡೆಯ ಮಾತು ಎತ್ತಲೆಂದು ಕೀಲಿಯಕ್ಕನನ್ನು ಕರೆದು, ಕೂರಿಸಿ, ಗಂಟಲು ಸರಿಮಾಡಿಕೊಳ್ಳುವಾಗ ಹೊರಗಿನ ಬಾಗಿಲು ತೆರೆಯಿತು. ನಡುವಯಸ್ಸಿನ ಹೆಂಗಸು, ಜೊತೆಗೆ ಗಾಲಿಕುರ್ಚಿಯಲ್ಲಿ ಅವಳ ಅಣ್ಣ. ಕೈಯಲ್ಲಿ ಫೋನ್ ಹಿಡಿದುಕೊಂಡು, ಚಿಲಕ ಕೂರಲ್ಲ ಅಂತ ಮೊದಲೇ ಹೇಳಿದವರು ಇಲ್ಲಿ ಯಾರು ಎಂದು ಕೇಳಿದಳು. ಈವರೆಗೆ ನೋಡಿದ ಮನೆಗಳಲ್ಲೆಲ್ಲ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ ಎಂದೇ ಹೇಳಿದ್ದರಂತೆ, ಹೋಗಿ ನೋಡಿದರೆ ಬಚ್ಚಲ ಬಾಗಿಲಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತಂತೆ. ಐದು ನಕ್ಷತ್ರದವರನ್ನೆಲ್ಲ ನೋಡಿ ಆಯಿತು, ಈ ಮೂರು ನಕ್ಷತ್ರ ಕೊಟ್ಟವರ ಮಾತಿನ ಮೇಲೆ ನಂಬಿಕೆ ಬಂತು ಎಂದಳು.

ಕೀಲಿಯಕ್ಕ ಎದ್ದು ಟೇಪು ತೆಗೆದುಕೊಂಡು ಗಾಲಿಕುರ್ಚಿಯ ಅಗಲ ಅಳೆದಳು. ಗೋಡೆಯ ಕಡೆ ತಿರುಗಿ ಬಹಳಷ್ಟು ಕೀಲಿಗಳನ್ನು ಬಿಟ್ಟು ಒಂದನ್ನು ತೆಗೆದಳು. ಬಚ್ಚಲ ಬಾಗಿಲು ಅಗಲವಿದೆ, ಆದರೆ ಬೀದಿಯಿಂದ ಒಂದು ಮೆಟ್ಟಿಲಿದೆ, ಇಳಿಜಾರು ಹಲಗೆ ಹಾಕಿಸಿಕೊಡಲು ಮಾಲೀಕರನ್ನು ಒಪ್ಪಿಸಬೇಕು, ಒಪ್ಪದಿದ್ದರೆ ಇದು ನಿಮಗಲ್ಲ ಎಂದಳು. ಅವರು ಹೊರಟರು. ದೊಡ್ಡವರು ಗಂಟಲಲ್ಲಿದ್ದ ಮಾತನ್ನು ನುಂಗಿಕೊಂಡರು. ಬಾಡಿಗೆಯ ಕಡೆ ಸದ್ಯಕ್ಕೆ ಇರಲಿ ಎಂದು ಸಂಜೆ ಅಳಿಯನಿಗೆ ಹೇಳಿದರಂತೆ. ಕೆಲಸ ಉಳಿಯಿತು. ಆ ಸುದ್ದಿ ಕೇಳಿದಾಗಲೂ ಕೀಲಿಯಕ್ಕನಿಗೆ ಸಂತೋಷವೇನೂ ಆಗಲಿಲ್ಲ, ನಾಳೆ ಬೆಳಿಗ್ಗೆ ಏಳಬಹುದು ಎಂದಷ್ಟೇ ಅನ್ನಿಸಿತು.

ಇಳಿಜಾರು ಹಲಗೆ ಹಾಕಿಸಿ, ಅಣ್ಣ ತಂಗಿ ಬಂದು ಸೇರಿ, ಕೆಲವು ದಿನವಾದ ಮೇಲೆ ಕೀಲಿಯಕ್ಕ ಅವರಿಗೆ ಕೊಂಡಿ ಕಳಿಸಲು ಫೋನ್ ತೆರೆದಳು. ಹೆಸರು ಹುಡುಕುತ್ತ ಬೆರಳು ಜಾರಿ ಆಸ್ಪತ್ರೆಯ ಮೆಸೇಜು ತೆರೆದುಕೊಂಡಿತು. ನಿಮ್ಮ ಅನುಭವ ಹೇಗಿತ್ತು? ಕಚೇರಿಯಲ್ಲಿ ಯಾರೂ ಇರಲಿಲ್ಲ. ಊಟದ ಹೊತ್ತು. ಹೇಗಿತ್ತು ಎಂಬುದನ್ನು ಪಕ್ಕಕ್ಕಿಟ್ಟಳು. ಏನಾಯ್ತು ಎಂದು ತನ್ನನ್ನೇ ಕೇಳಿಕೊಂಡಳು.

ಕೊನೆಯ ದಿನಗಳಲ್ಲಿ ಅವನ ಪಾದಗಳು ತಣ್ಣಗಿದ್ದವು. ಹೊದಿಕೆ ಗಿಡ್ಡ, ಎಳೆದರೆ ಎದೆ ಬರಿದಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳುವಂಥ ವಿಷಯವೂ ಅಲ್ಲ. ಒಂದು ಬೆಳಿಗ್ಗೆ ವಾರ್ಡಿನ ನರ್ಸ್ ಒಬ್ಬಳು ತನ್ನ ಚೀಲದಿಂದ ಒಂದು ಜೊತೆ ಉಣ್ಣೆಯ ಕಾಲುಚೀಲ ತಂದು ಅವನ ಕಾಲಿಗೆ ಹಾಕಿ ಹೋದಳು. ನೀಲಿ ಬಣ್ಣ, ಹಿಮ್ಮಡಿಯಲ್ಲಿ ಹೊಲಿಗೆ. ಅವನು ಕಾಲ್ಬೆರಳು ಆಡಿಸಿ ಹೆಂಡತಿಯ ಮುಖ ನೋಡಿ ನಕ್ಕಿದ್ದ. ಅದು ಅವನ ಕೊನೆಯ ನಗು. ಇಷ್ಟು ದಿನ ಇದು ಎಲ್ಲಿತ್ತೋ.

ಕೊಂಡಿ ಒತ್ತಿದಳು. ‘ಈ ಕೊಂಡಿಯ ಅವಧಿ ಮುಗಿದಿದೆ’ ಎಂದು ಬಂತು.

ಆಸ್ಪತ್ರೆಯ ಪುಟ ಹುಡುಕಿ ಬರೆಯಬಹುದಿತ್ತು, ಅವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ಆದರೆ ಕಚೇರಿಗೆ ಬೀಗ ಹಾಕಿ ಬಸ್ ಹತ್ತಿದಳು. ವಾರ್ಡಿನ ಮುಂದೆ ಆ ನರ್ಸ್ ಸಿಕ್ಕಿದಳು. ಔಷಧಿಯ ಗಾಡಿ ತಳ್ಳಿಕೊಂಡು ಬರುತ್ತಿದ್ದಳು. ಕೀಲಿಯಕ್ಕ ತಾನು ಯಾರೆಂದು ಹೇಳಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಕಾಲುಚೀಲದ ಬಣ್ಣ ಹೇಳಿದಳು, ಹೊಲಿಗೆ ಹೇಳಿದಳು, ಅವನು ನಕ್ಕದ್ದು ಹೇಳಿದಳು.

ನರ್ಸ್ ಯೋಚಿಸಿ ನೋಡಿದಳು. ಇಲ್ಲ ಅಕ್ಕ, ನಂಗೆ ನೆನಪಿಲ್ಲ ಎಂದಳು, ತಪ್ಪು ಮಾಡಿದವಳಂತೆ.

ಕೀಲಿಯಕ್ಕನಿಗೆ ಅಡುಗೆಮನೆಯ ಚಿಲಕ ಕಣ್ಣ ಮುಂದೆ ಬಂತು. ನೆನಪಿರಲ್ಲ, ನನಗೂ ಇರಲಿಲ್ಲ ಎಂದಳು.

"ನೀವು ಈಗ ಹೇಗಿದೀರಾ?" ನರ್ಸ್ ಕೇಳಿದಳು, ಗಾಡಿಯ ಹಿಡಿಯಿಂದ ಕೈ ತೆಗೆಯದೆ, ಎಲ್ಲರೂ ಕೇಳುವ ಹಾಗೆಯೇ.

ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಬಾಯಿ ತೆರೆಯಿತು.

"ಚೆನ್ನಾಗಿಲ್ಲ," ಎಂದಳು ಕೀಲಿಯಕ್ಕ.

ಹೇಳಿ ಮುಗಿಯುವ ಮೊದಲೇ ಅವಳ ಗಲ್ಲ ಒದ್ದೆಯಾಗಿತ್ತು. ನರ್ಸ್ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮೊಗಸಾಲೆಯ ಬೆಂಚಿನ ಮೇಲೆ ಅವಳನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತಳು.